ಬಿಲ್ ತಾನೇ ಹೋಗಲಿ, ರಿಮೈಂಡರ್ ತಪ್ಪಿ ಹೋಗದಿರಲಿ: ಶೀಟ್, ಟ್ಯಾಲಿ, ಜೋಹೋ – ಯಾರಿಗೆ ಯಾವುದು?

2024ರ ಜುಲೈ 21, ರವಿವಾರ. ಬೆಳಿಗ್ಗೆ ಹತ್ತೂವರೆಗೆ ಅಂಕೋಲಾ ಕಡೆಯ ಲಾಡ್ಜೊಂದರ ಯಜಮಾನಿ ಫೋನ್ ಮಾಡಿದರು. "ದುಡ್ಡು ಹಾಕಿ ಆರು ದಿನ ಆಯ್ತಲ್ಲ ತಮ್ಮಾ. ಮತ್ತೆ ಬಾಕಿ ಅಂತ ಮೇಲ್ ಬಂದಿದೆ. ಅದೂ ಗುಡ್ಡ ಕುಸಿದ ಈ ವಾರದಲ್ಲಿ."

ಶಿರೂರಿನ ಗುಡ್ಡ ಕುಸಿದು ಆಗ ಐದೇ ದಿನ ಆಗಿತ್ತು. ಹೆದ್ದಾರಿ ಬಂದಾಗಿತ್ತು, ಜನರನ್ನು ಇನ್ನೂ ಹುಡುಕುತ್ತಿದ್ದರು. ಅಂಥ ಹೊತ್ತಲ್ಲಿ ನಮ್ಮಿಂದ ಬಾಕಿ ಕೇಳುವ ಮೇಲ್ ಹೋಗಿತ್ತು, ಅದೂ ದುಡ್ಡು ಕೊಟ್ಟು ಮುಗಿಸಿದವರಿಗೆ. ನಾನು ಕ್ಷಮೆ ಕೇಳಿದೆ. ಆಮೇಲೆ ಕೂತು ಹುಡುಕಿದರೆ ಕಾರಣ ಸಿಕ್ಕಿತು. ಅವರು ಜುಲೈ 15ಕ್ಕೇ ಭಾವನ ಫೋನ್ ನಂಬರಿಗೆ ಯುಪಿಐ ಮಾಡಿದ್ದರು. ಭಾವ ಅದನ್ನು ಡೈರಿಯಲ್ಲಿ ಬರೆದಿಟ್ಟಿದ್ದ. ಮೇಲ್ ಕಳಿಸುವ ಲೆಕ್ಕದೊಳಗೆ ಅದು ಬಂದಿರಲೇ ಇಲ್ಲ.

ನಾನು ಮತ್ತು ಭಾವ ಸೇರಿ ಕಾರವಾರದಲ್ಲಿ ಇನ್ವರ್ಟರ್, ಬ್ಯಾಟರಿ, ಸಿಸಿಟಿವಿ ನಿರ್ವಹಣೆಯ ಕೆಲಸ ಮಾಡುತ್ತೇವೆ. ವರ್ಷದ ಕರಾರು, ಮೂರು ತಿಂಗಳಿಗೊಮ್ಮೆ ಬಿಲ್. ಕಾರವಾರ, ಅಂಕೋಲಾ, ಗೋಕರ್ಣ, ಮಾಜಾಳಿ ದಾಟಿ ಕಾಣಕೋಣದಲ್ಲಿ ಒಂದಷ್ಟು ಸೇರಿ 42 ಗಿರಾಕಿಗಳು. ಬಿಲ್ ಮಾಡುವುದಕ್ಕೂ ಮೆತ್ತಗೆ ನೆನಪಿಸುವುದಕ್ಕೂ ನಾವು ಮೂರು ದಾರಿ ಬಳಸಿ ನೋಡಿದ್ದೇವೆ: ಗೂಗಲ್ ಶೀಟ್ ಜೊತೆ ಸಣ್ಣ ಸ್ಕ್ರಿಪ್ಟ್, ಟ್ಯಾಲಿ, ಆಮೇಲೆ ಜೋಹೋ ಇನ್ವಾಯ್ಸ್. ನಿಮಗೆ ಯಾವುದು ಹೊಂದುತ್ತದೆ ಅಂತ ನೋಡುವಾಗ ಬಿಲ್ ಎಷ್ಟು ಚಂದ ಬರುತ್ತದೆ ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೂರರಲ್ಲೂ ಚಂದವೇ ಬರುತ್ತದೆ. ಮೊದಲು ಕೇಳಬೇಕಾದ್ದು ಇದು: ದುಡ್ಡು ಬಂದದ್ದನ್ನು ಯಾರು ಮೊದಲು ನೋಡುತ್ತಾರೆ, ಮತ್ತು ಅವರು ಅದೇ ದಿನ ಅದನ್ನು ಲೆಕ್ಕಕ್ಕೆ ಹಾಕಬಲ್ಲರಾ?

ನಮ್ಮಲ್ಲಿ ದುಡ್ಡು ಮೂರು ಕಡೆ ಬರುತ್ತದೆ. ಫರ್ಮಿನ ಬ್ಯಾಂಕ್ ಖಾತೆಗೆ, ಭಾವನ ಫೋನಿಗೆ, ಮತ್ತೆ ಕೈಗೆ. ರಿಮೈಂಡರ್ ಕಳಿಸುವ ಸಾಫ್ಟ್‌ವೇರ್‌ಗೆ ಈ ಮೂರೂ ಗೊತ್ತಿಲ್ಲ. ನಾವು ಹೇಳಿದ್ದಷ್ಟೇ ಅದಕ್ಕೆ ಗೊತ್ತು.

ಗೂಗಲ್ ಶೀಟ್: ಖರ್ಚಿಲ್ಲ, ಆದರೆ ಸದ್ದಿಲ್ಲದೆ ನಿಂತುಬಿಡುತ್ತದೆ

ಹದಿನೈದಿಪ್ಪತ್ತು ಗಿರಾಕಿ ಇದ್ದು, ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಇದೇ ಸಾಕು. ಒಂದು ಶೀಟ್, ಅದರ ಹೆಸರು Bills. ಎ ಕಾಲಂನಲ್ಲಿ ಬಿಲ್ ನಂಬರ್, ಬಿಯಲ್ಲಿ ಹೆಸರು, ಸಿಯಲ್ಲಿ ಇಮೇಲ್, ಡಿಯಲ್ಲಿ ವಾಯಿದೆ ದಿನ, ಇಯಲ್ಲಿ ಬಾಕಿ ಮೊತ್ತ. ಎಫ್ ಕಾಲಂ ತಡೆ ಹಿಡಿಯುವುದಕ್ಕೆ: ಅಲ್ಲಿ Y ಅಂತ ಹಾಕಿದರೆ ಆ ಗಿರಾಕಿಗೆ ಮೇಲ್ ಹೋಗುವುದಿಲ್ಲ. Extensions ಒಳಗೆ Apps Script ತೆರೆದು ಇದನ್ನು ಹಾಕಿ:

```
function nenapu() {
  var sh = SpreadsheetApp.getActive().getSheetByName('Bills');
  var rows = sh.getDataRange().getValues();
  var today = new Date();
  today.setHours(0, 0, 0, 0);
  for (var i = 1; i < rows.length; i++) {
    var r = rows[i];
    if (r[4] <= 0 || r[5] === 'Y') continue;
    var days = Math.round((today - r[3]) / 86400000);
    if (days !== 4 && days !== 12) continue;
    MailApp.sendEmail(r[2],
      'ಬಿಲ್ ' + r[0] + ' – ಬಾಕಿ ₹' + r[4],
      r[1] + ' ಅವರಿಗೆ ನಮಸ್ಕಾರ. ಈ ಬಿಲ್‌ನ ಜಮಾ ನಮಗೆ ಇನ್ನೂ ಕಂಡಿಲ್ಲ.');
  }
}
```

ಎಡಗಡೆ ಗಡಿಯಾರದ ಚಿತ್ರ ಒತ್ತಿ, ದಿನಾ ಬೆಳಿಗ್ಗೆ 10ರಿಂದ 11ರ ಒಳಗೆ ಓಡುವ ಹಾಗೆ ಟ್ರಿಗರ್ ಇಟ್ಟರೆ ಆಯಿತು. ವಾಯಿದೆ ಮುಗಿದ ನಾಲ್ಕನೇ ದಿನ ಒಂದು ಮೇಲ್, ಹನ್ನೆರಡನೇ ದಿನ ಇನ್ನೊಂದು. ಮಾಮೂಲಿ ಜಿಮೇಲ್ ಖಾತೆಯಿಂದ ಸ್ಕ್ರಿಪ್ಟ್ ದಿನಕ್ಕೆ 100 ಜನರಿಗೆ ಕಳಿಸಬಹುದು. ಸಣ್ಣ ವ್ಯವಹಾರಕ್ಕೆ ಅದು ಧಾರಾಳ. ಶೀಟ್ ಭಾವನ ಫೋನಿನಲ್ಲೂ ತೆರೆಯುವುದರಿಂದ, ಜಮಾ ಬಂದ ಕೂಡಲೇ ಇ ಕಾಲಂನಲ್ಲಿ ಸೊನ್ನೆ ಹಾಕುವುದು ಅರ್ಧ ನಿಮಿಷದ ಕೆಲಸ. ಹಾಕದಿದ್ದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ.

ಇದರ ದೊಡ್ಡ ತೊಂದರೆ ಬೇರೆಯೇ ಇದೆ. ಆ ವರ್ಷ ಅಕ್ಟೋಬರಿನಲ್ಲಿ ಅರ್ಧದಷ್ಟು ಗಿರಾಕಿಗಳಿಗೆ ರಿಮೈಂಡರ್ ಹೋಗಲೇ ಇಲ್ಲ. ಎರರ್ ಅಂತ ಒಂದು ಸಾಲೂ ಬರಲಿಲ್ಲ. ನೋಡಿದರೆ ಆ ಶೀಟಿನ ಲೊಕೇಲ್ ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾನು 05/10/2024 ಅಂತ ಹಾಕಿದ್ದನ್ನು ಅದು ಮೇ 10 ಅಂತ ಓದಿತು. ಆ ಬಿಲ್ಲಿನ ನಾಲ್ಕನೇ ದಿನ ಎಂದೋ ದಾಟಿ ಹೋಗಿತ್ತು. 20/10/2024 ಅಂದರೆ ಇಪ್ಪತ್ತನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ತಾರೀಕು ಅಂತಲೇ ತಿಳಿಯದೆ ಬರೀ ಅಕ್ಷರವಾಗಿ ಇಟ್ಟುಕೊಂಡಿತು. ಸ್ಕ್ರಿಪ್ಟ್ ಎರಡೂ ಸಾಲನ್ನು ಸುಮ್ನೆ ದಾಟಿ ಮುಂದೆ ಹೋಯಿತು.

ಕಣ್ಣಲ್ಲೇ ಪತ್ತೆ ಹಚ್ಚುವ ದಾರಿ ಇದೆ. ಶೀಟಿನಲ್ಲಿ ನಿಜವಾದ ತಾರೀಕು ಕೋಶದ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾದದ್ದು ಎಡಕ್ಕೆ ಸರಿದಿರುತ್ತದೆ. ಡಿ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಲೊಕೇಲ್ ತಪ್ಪಿದೆ ಅಂತಲೇ ತಿಳಿಯಿರಿ. File, ಅದರಲ್ಲಿ Settings, ಅದರಲ್ಲಿ Locale ಜಾಗದಲ್ಲಿ India ಮಾಡಿ. ಆಮೇಲೆ ಹಳೆಯ ತಾರೀಕುಗಳನ್ನು ಮತ್ತೆ ಹೊಡೆಯಬೇಕು. ತಪ್ಪಾಗಿ ಓದಿದ್ದು ತಾನಾಗಿ ಸರಿಯಾಗುವುದಿಲ್ಲ.

ಜಿಎಸ್‌ಟಿ ಇದ್ದವರಿಗೆ ಶೀಟಿನಲ್ಲಿ ಬಿಲ್ ಮಾಡಿ ಅಂತ ನಾನು ಹೇಳುವುದಿಲ್ಲ. ಬಿಲ್ ನಂಬರ್ ಒಂದರ ಹಿಂದೆ ಒಂದು ಸರಣಿಯಲ್ಲಿ ಬರಬೇಕು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು, 16 ಅಕ್ಷರ ದಾಟಬಾರದು. ನಮ್ಮದು KWR/24-25/0061 ಥರ ಇರುತ್ತದೆ, 14 ಅಕ್ಷರ. ಶೀಟಿನಲ್ಲಿ ಹಿಂದಿನ ಸಾಲನ್ನು ನಕಲು ಮಾಡುವಾಗ ಒಂದೇ ನಂಬರ್ ಇಬ್ಬರಿಗೆ ಹೋಗುವುದು ಬಹಳ ಸುಲಭ. ಅದೂ ಅಲ್ಲದೆ ನಮಗೆ ಗಡಿ ಹತ್ತಿರ. ಕಾರವಾರದ ಗಿರಾಕಿಗೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9. ಕಾಣಕೋಣದ ಹೋಟೆಲಿನ ಜಿಎಸ್‌ಟಿ ನಂಬರ್ 30ರಿಂದ ಶುರುವಾಗುತ್ತದೆ, ನಮ್ಮದು 29. ಅಲ್ಲಿಗೆ ಐಜಿಎಸ್‌ಟಿ 18. ಮೊತ್ತ ಒಂದೇ ಆದರೂ ಬಿಲ್‌ನಲ್ಲಿ ತಪ್ಪು ಹೆಸರಲ್ಲಿ ಹಾಕಿದರೆ ಅವರ ಅಕೌಂಟೆಂಟ್ ಬಿಲ್ ವಾಪಸ್ ಕಳಿಸುತ್ತಾರೆ, ದುಡ್ಡು ಅಲ್ಲಿಗೆ ನಿಲ್ಲುತ್ತದೆ. ಜೋಹೋ ಗಿರಾಕಿಯ ರಾಜ್ಯ ನೋಡಿ ಇದನ್ನು ತಾನೇ ಹಾಕುತ್ತದೆ. ಟ್ಯಾಲಿಯಲ್ಲಿ ತೆರಿಗೆಯ ಲೆಡ್ಜರ್ ನಾವೇ ಆರಿಸಬೇಕು, ಮೊತ್ತವನ್ನು ಅದು ಲೆಕ್ಕ ಹಾಕುತ್ತದೆ.

ಟ್ಯಾಲಿ: ಲೆಕ್ಕ ಗಟ್ಟಿ, ಆದರೆ ಒಬ್ಬರು ಕೂರಲೇಬೇಕು

ನಿಮ್ಮ ಅಕೌಂಟೆಂಟ್ ಟ್ಯಾಲಿಯಲ್ಲಿದ್ದರೆ, ಅಂಗಡಿಯಲ್ಲಿ ಮಾಲಿನ ಸ್ಟಾಕ್ ಕೂಡ ನೋಡಬೇಕಿದ್ದರೆ, ಅದನ್ನು ಬಿಟ್ಟು ಬರುವ ಅಗತ್ಯವಿಲ್ಲ. ಲೈಸೆನ್ಸಿಗೆ ಒಮ್ಮೆಗೆ ಇಪ್ಪತ್ತು ಸಾವಿರದ ಮೇಲೆ ಬೀಳುತ್ತದೆ. ಬಾಕಿ ಪಟ್ಟಿ ಇದರಷ್ಟು ಚೆನ್ನಾಗಿ ಬೇರೆ ಕಡೆ ಕಂಡಿಲ್ಲ. ಗಿರಾಕಿಯ ಲೆಡ್ಜರಿನಲ್ಲಿ Maintain balances bill-by-bill ಅನ್ನುವುದಕ್ಕೆ Yes ಕೊಟ್ಟು, ಕ್ರೆಡಿಟ್ ಅವಧಿ 15 ದಿನ ಅಂತ ಹಾಕಿದರೆ, ಯಾವ ಬಿಲ್ ಎಷ್ಟು ದಿನ ಮೀರಿದೆ ಅಂತ ಸಾಲಾಗಿ ತೋರಿಸುತ್ತದೆ. ರಿಮೈಂಡರ್ ಪತ್ರವನ್ನೂ ಅದೇ ಮಾಡಿಕೊಡುತ್ತದೆ, ಇಮೇಲ್ ಕೂಡ ಮಾಡಬಹುದು.

ಆದರೆ ಟ್ಯಾಲಿ ತಾನಾಗಿ ಬೆಳಿಗ್ಗೆ ಎದ್ದು ಮೇಲ್ ಕಳಿಸುವುದಿಲ್ಲ. ಕಂಪ್ಯೂಟರ್ ಹಾಕಿ, ಒಬ್ಬರು ಕೂತು ಕಳಿಸಬೇಕು. ತಾನೇ ಕಳಿಸುವ ಆಡ್-ಆನ್‌ಗಳನ್ನು ಹೊರಗಿನವರು ಮಾಡಿಕೊಡುತ್ತಾರೆ, ಅದಕ್ಕೆ ಬೇರೆ ಖರ್ಚು. ನಮ್ಮ ಅಕೌಂಟೆಂಟ್ ಶನಿವಾರ ಮಾತ್ರ ಬರುತ್ತಾರೆ. ಸೋಮವಾರ ಭಾವನ ಫೋನಿಗೆ ಬಂದ ದುಡ್ಡು ಲೆಕ್ಕಕ್ಕೆ ಸೇರುವುದು ಶನಿವಾರ. ಹಾಗಾಗಿ ರಿಮೈಂಡರ್ ಕೂಡ ಶನಿವಾರ, ಜಮಾ ಎಲ್ಲ ಹಾಕಿ ಮುಗಿದ ಮೇಲೆ. ಇದು ನಿಧಾನ ಹೌದು. ಆದರೆ ಕಳಿಸುವ ಮುಂಚೆ ಒಬ್ಬರು ಪಟ್ಟಿ ನೋಡುತ್ತಾರೆ. ಗುಡ್ಡ ಕುಸಿದ ಆ ವಾರ ನಮ್ಮಲ್ಲಿ ಟ್ಯಾಲಿ ಇದ್ದಿದ್ದರೆ ಆ ಮೇಲ್ ಖಂಡಿತ ಹೋಗುತ್ತಿರಲಿಲ್ಲ.

ಟ್ಯಾಲಿಯಲ್ಲಿ ಎಚ್ಚರ ಇಡಬೇಕಾದ್ದು ಒಂದೇ ಜಾಗ, ಆದರೆ ಅಲ್ಲೇ ಎಲ್ಲರೂ ಎಡವುತ್ತಾರೆ. ರಸೀದಿ ಹಾಕುವಾಗ ಅದು ಯಾವ ಬಿಲ್ಲಿನ ಮೇಲೆ ಅಂತ ಕೇಳುತ್ತದೆ. Agst Ref ಆರಿಸಿ, ಬಿಲ್ ನಂಬರ್ ತೋರಿಸಬೇಕು. ಅವಸರದಲ್ಲಿ On Account ಅಂತ ಒತ್ತಿದರೆ ದುಡ್ಡು ಗಿರಾಕಿಯ ಹೆಸರಿಗೆ ಸೇರುತ್ತದೆ, ಬಿಲ್ ಮಾತ್ರ ತೆರೆದೇ ಇರುತ್ತದೆ. ಲೆಡ್ಜರ್ ತೆರೆದರೆ ಬಾಕಿ ಸೊನ್ನೆ. ಬಿಲ್‌ವಾರು ಪಟ್ಟಿ ತೆರೆದರೆ ₹7,080 ಬಾಕಿ, ಪಕ್ಕದಲ್ಲಿ ಅಷ್ಟೇ ಮೊತ್ತ On Account. ಒಂದೇ ಹೆಸರಿನ ಕೆಳಗೆ ಬಾಕಿ ಬಿಲ್ಲೂ On Account ಮೊತ್ತವೂ ಒಟ್ಟಿಗೆ ಕಂಡರೆ, ರಿಮೈಂಡರ್ ಕಳಿಸುವ ಮೊದಲು ಆ ರಸೀದಿ ತೆರೆದು ಬಿಲ್ಲಿಗೆ ಜೋಡಿಸಿ.

ಜೋಹೋ ಇನ್ವಾಯ್ಸ್: ನಾವು ನಿಂತ ಜಾಗ

ಇದು ಬ್ರೌಸರಿನಲ್ಲೂ ಫೋನಿನಲ್ಲೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಭಾವ ಗೋಕರ್ಣದಲ್ಲಿ ಬ್ಯಾಟರಿ ನೀರು ನೋಡುತ್ತಿರುವಾಗಲೇ ಜಮಾ ಹಾಕಬಹುದು. ನಮಗೆ ಇದು ಹೊಂದಿದ್ದು ಇದೊಂದೇ ಕಾರಣಕ್ಕೆ. ಪೂರ್ತಿ ಲೆಕ್ಕಪತ್ರ ಬೇಕಿದ್ದರೆ ಅದೇ ಮನೆಯ ಜೋಹೋ ಬುಕ್ಸ್ ಇದೆ. ನಾವು ತಿಂಗಳ ಕೊನೆಗೆ ಪಟ್ಟಿ ಇಳಿಸಿ ಅಕೌಂಟೆಂಟರಿಗೆ ಕೊಡುತ್ತೇವೆ, ಅವರು ತಮ್ಮ ಟ್ಯಾಲಿಗೆ ಹಾಕಿಕೊಳ್ಳುತ್ತಾರೆ. ವ್ಯಾಪಾರ್ ಥರದ ಮೊಬೈಲ್ ಆ್ಯಪ್‌ಗಳೂ ಅಂಗಡಿಯವರಿಗೆ ಅನುಕೂಲವೇ. ನಮ್ಮದು ಇಮೇಲ್ ಮೇಲೆ ನಡೆಯುವ ಕರಾರಿನ ಕೆಲಸ, ಅದಕ್ಕೆ ಆ ಕಡೆ ಹೋಗಲಿಲ್ಲ.

ಪ್ರತಿ ಕರಾರಿಗೂ ಒಂದು Recurring Invoice ಮಾಡಿಟ್ಟಿದ್ದೇವೆ, ಮೂರು ತಿಂಗಳಿಗೊಮ್ಮೆ. ಬಿಲ್ ತಯಾರಾದ ಕೂಡಲೇ ಕಳಿಸಬೇಕಾ, ಡ್ರಾಫ್ಟ್ ಇಡಬೇಕಾ ಅಂತ ಅದು ಕೇಳುತ್ತದೆ. ಡ್ರಾಫ್ಟ್ ಅಂತಲೇ ಇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕರಾವಳಿಯಲ್ಲಿ ಮಳೆಗಾಲ ಅಂದರೆ ಗೋಕರ್ಣದ ಬೀಚಿನ ಅಂಗಡಿಗಳು ಮುಚ್ಚುವ ಕಾಲ. ಅಷ್ಟು ದಿನ ಅವರ ಕರಾರೂ ನಿಲ್ಲುತ್ತದೆ. ಮುಚ್ಚಿದ ಜಾಗಕ್ಕೆ ಬಿಲ್ ಹೋದರೆ ಅದನ್ನು ಅಳಿಸಿ ಸುಮ್ನಿರುವ ಹಾಗಿಲ್ಲ, ಕ್ರೆಡಿಟ್ ನೋಟ್ ಮಾಡಬೇಕು. ಒಂದನೇ ತಾರೀಕಿಗೆ 42 ಡ್ರಾಫ್ಟ್ ನೋಡಿ ಕಳಿಸುವುದಕ್ಕೆ ನನಗೆ ಅರ್ಧ ಗಂಟೆ ಸಾಕು.

ರಿಮೈಂಡರ್ ಮಾತ್ರ ತಾನಾಗಿ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮೂರು ಇಟ್ಟಿದ್ದೇವೆ: ವಾಯಿದೆಗೆ ಮೂರು ದಿನ ಮುಂಚೆ, ಮುಗಿದ ನಾಲ್ಕನೇ ದಿನ, ಹನ್ನೆರಡನೇ ದಿನ. ಅಲ್ಲಿಗೂ ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ನಾಲ್ಕನೇ ಮೇಲ್ ಬರೆದು ಉಪಯೋಗ ಇಲ್ಲ, ಅಷ್ಟರಲ್ಲಿ ಕಾರಣ ಬೇರೆಯೇ ಇರುತ್ತದೆ. ಯಾರಾದರೂ ಇಂಥ ದಿನ ಕೊಡುತ್ತೇನೆ ಅಂದರೆ, ಆ ಬಿಲ್ಲಿಗೆ Expected Payment Date ಹಾಕಬಹುದು. ತಕರಾರು ಇದ್ದರೆ ಆ ಒಂದು ಬಿಲ್ಲಿಗೆ Stop Reminders ಒತ್ತಬಹುದು. ಊರಿಗೇ ಕಷ್ಟ ಬಂದಾಗ ಸೆಟ್ಟಿಂಗ್ಸ್‌ಗೆ ಹೋಗಿ ಮೂರನ್ನೂ ಆಫ್ ಮಾಡುವುದು ನನ್ನ ಕೆಲಸ ಅಂತ ನಾವಿಬ್ಬರೂ ಮಾತಾಡಿ ಗೊತ್ತು ಮಾಡಿಕೊಂಡಿದ್ದೇವೆ. ಯಾರ ಕೆಲಸ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಆ ಹೊತ್ತಲ್ಲಿ ಯಾರಿಗೂ ನೆನಪಾಗುವುದಿಲ್ಲ.

ನಾಲ್ಕನೇ ದಿನದ ಮೇಲ್ ತುಂಬಿದ ಮೇಲೆ ಹೀಗೆ ಕಾಣುತ್ತದೆ:

"ನಮಸ್ಕಾರ. ಏಪ್ರಿಲ್–ಜೂನ್ ನಿರ್ವಹಣೆಯ ಬಿಲ್ KWR/24-25/0061, ಮೊತ್ತ ₹7,080, ಜುಲೈ 17ಕ್ಕೆ ವಾಯಿದೆ ಇತ್ತು. ನಿನ್ನೆ ಸಂಜೆವರೆಗೆ ನಮ್ಮ ಲೆಕ್ಕದಲ್ಲಿ ಜಮಾ ಕಂಡಿಲ್ಲ. ಈಗಾಗಲೇ ಹಾಕಿದ್ದರೆ ಯುಟಿಆರ್ ನಂಬರನ್ನೋ ಸ್ಕ್ರೀನ್‌ಶಾಟನ್ನೋ ಈ ಮೇಲ್‌ಗೆ ಉತ್ತರವಾಗಿ ಕಳಿಸಿ, ನಾವು ಹುಡುಕಿ ಸರಿ ಮಾಡುತ್ತೇವೆ. ಕೆಲಸದಲ್ಲಿ ಏನಾದರೂ ಕೊರತೆ ಇದ್ದು ತಡೆದಿದ್ದರೆ ಅದನ್ನೂ ಹೇಳಿ. ಬಿಲ್ ಮತ್ತು ಯುಪಿಐ ಕ್ಯೂಆರ್ ಜೊತೆಗಿದೆ."

"ನೀವು ಕೊಟ್ಟಿಲ್ಲ" ಅನ್ನುವುದಕ್ಕೂ "ನಮಗೆ ಕಂಡಿಲ್ಲ" ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಎರಡನೆಯದು ನಿಜವೂ ಹೌದು. ಆದರೆ "ನಿನ್ನೆ ಸಂಜೆವರೆಗೆ" ಅಂತ ಬರೆದ ಮೇಲೆ ದಿನಾ ಸಂಜೆ ಜಮಾ ಹಾಕಲೇಬೇಕು. ಈಗ ಭಾವ ರಾತ್ರಿ ಊಟಕ್ಕೆ ಮುಂಚೆ ಫೋನ್ ತೆಗೆದು ಅದನ್ನು ಮುಗಿಸುತ್ತಾನೆ. ಯುಪಿಐ ಲಿಂಕ್ ಬದಲು ಕ್ಯೂಆರ್ ಹಾಕಿದ್ದಕ್ಕೂ ಕಾರಣ ಇದೆ. upi:// ಅಂತ ಶುರುವಾಗುವ ಲಿಂಕ್ ಜಿಮೇಲ್‌ನಲ್ಲಿ ಒತ್ತಿದರೆ ತೆರೆಯುವುದಿಲ್ಲ.

ಮೇಲ್ ಯಾರಿಗೆ ಹೋಗುತ್ತಿದೆ ಅಂತಲೂ ನೋಡಿಕೊಳ್ಳಿ. ದೊಡ್ಡ ಹೋಟೆಲಿನಲ್ಲಿ ಕರಾರು ಮಾಡುವವರು ಮಾಲಕರು, ದುಡ್ಡು ಬಿಡುವವರು ಅಕೌಂಟೆಂಟ್. ಬಿಲ್ ಇಬ್ಬರಿಗೂ ಹೋಗಲಿ, ರಿಮೈಂಡರ್ ಅಕೌಂಟೆಂಟರಿಗೆ ಮಾತ್ರ ಸಾಕು. ನಿಮ್ಮದು ಜಿಮೇಲ್ ವಿಳಾಸವಾದರೆ ಜೋಹೋ ತನ್ನದೇ ವಿಳಾಸದಿಂದ ನಿಮ್ಮ ಹೆಸರಲ್ಲಿ ಕಳಿಸುತ್ತದೆ, ಉತ್ತರ ನಿಮಗೆ ಬರುತ್ತದೆ. ಹೊಸ ಗಿರಾಕಿಗೆ ಮೊದಲ ಬಿಲ್ ಹೋದ ದಿನ ಫೋನ್ ಮಾಡಿ, ಸ್ಪ್ಯಾಮಿಗೆ ಬಿದ್ದಿದೆಯಾ ನೋಡಿ ಅಂತ ಹೇಳಿಬಿಡಿ.

₹720ರ ಕಥೆ

ಮೂರರಲ್ಲಿ ಯಾವುದನ್ನು ಹಿಡಿದರೂ ಇದು ಎದುರಾಗುತ್ತದೆ. ನಮ್ಮ ಒಂದು ದೊಡ್ಡ ಗಿರಾಕಿಯ ಬಿಲ್ ಮೂರು ತಿಂಗಳಿಗೆ ₹36,000. 18 ಶೇಕಡಾ ಜಿಎಸ್‌ಟಿ ₹6,480 ಸೇರಿ ₹42,480. ಬ್ಯಾಂಕಿಗೆ ಬಂದದ್ದು ₹41,760. ₹720 ಕಡಿಮೆ. ನಮ್ಮದು ಪಾಲುದಾರಿಕೆ ಫರ್ಮ್ ಆದ್ದರಿಂದ ಅವರು ಕರಾರಿನ ಕೆಲಸಕ್ಕೆ ಶೇಕಡಾ 2 ಟಿಡಿಎಸ್ ಹಿಡಿದಿದ್ದಾರೆ, ಅದೂ ಜಿಎಸ್‌ಟಿ ಬಿಟ್ಟು ₹36,000ದ ಮೇಲೆ. ಅದು ನಮ್ಮ ಪ್ಯಾನ್ ಮೇಲೆ ಸರ್ಕಾರಕ್ಕೆ ಕಟ್ಟುವ ದುಡ್ಡು, ಬಾಕಿ ಅಲ್ಲ.

ಬರೀ ₹41,760 ಜಮಾ ಅಂತ ಹಾಕಿದರೆ ಬಿಲ್ಲಿನಲ್ಲಿ ₹720 ಉಳಿಯುತ್ತದೆ. ಸಾಫ್ಟ್‌ವೇರ್ ಆ ₹720ಕ್ಕೆ ರಿಮೈಂಡರ್ ಕಳಿಸುತ್ತದೆ. ಕಾನೂನು ಪ್ರಕಾರ ನಡೆದುಕೊಂಡವರಿಗೆ ಬಾಕಿದಾರ ಅಂದ ಹಾಗೆ ಆಗುತ್ತದೆ. ಜೋಹೋದಲ್ಲಿ ಪಾವತಿ ದಾಖಲಿಸುವಾಗ ತೆರಿಗೆ ಕಡಿತ ಆಗಿದೆಯಾ ಅಂತ ಕೇಳುತ್ತದೆ, ಅಲ್ಲಿ ಟಿಡಿಎಸ್ ಆರಿಸಿ ₹720 ಹಾಕಬೇಕು. ಟ್ಯಾಲಿಯಲ್ಲಿ ಟಿಡಿಎಸ್ ಬರಬೇಕಾದ ಖಾತೆಗೆ ಜರ್ನಲ್ ಎಂಟ್ರಿ ಹಾಕಿ, ಅದೇ ಬಿಲ್ಲಿಗೆ Agst Ref ಕೊಡಬೇಕು. ಶೀಟಿನಲ್ಲಾದರೆ ಟಿಡಿಎಸ್‌ಗೆ ಬೇರೆ ಕಾಲಂ ಮಾಡಿ ಬಾಕಿಯಿಂದ ಕಳೆಯಿರಿ. ಬಾಕಿ ಪಟ್ಟಿಯಲ್ಲಿ ಸಣ್ಣ ಮೊತ್ತಗಳೇ ಸಾಲಾಗಿ ಕಂಡರೆ, ಪ್ರತಿಯೊಂದನ್ನೂ ಆ ಬಿಲ್ಲಿನ ಜಿಎಸ್‌ಟಿ ಇಲ್ಲದ ಮೊತ್ತಕ್ಕೆ ಹೋಲಿಸಿ ನೋಡಿ. ಸರಿಯಾಗಿ ಶೇಕಡಾ 1 ಅಥವಾ 2 ಬಂದರೆ ಅದು ಟಿಡಿಎಸ್ಸೇ.

ಉದ್ಯಮ್ ನೋಂದಣಿ ಇದ್ದರೆ ಆ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ, ವಾಯಿದೆ ದಿನವನ್ನೂ ಬರೆಯಿರಿ. ಸಣ್ಣ ಉದ್ದಿಮೆಗೆ ಕೊಡಬೇಕಾದ್ದನ್ನು ಒಪ್ಪಿದ ವಾಯಿದೆಯೊಳಗೆ, ಅದೂ 45 ದಿನ ಮೀರದ ಹಾಗೆ ಕೊಡಬೇಕು. ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ. 2023–24ರಿಂದ, ಹಾಗೆ ತಡವಾಗಿ ಕೊಟ್ಟ ದುಡ್ಡನ್ನು ಗಿರಾಕಿ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ತೋರಿಸಬಹುದು. ಅವರ ಅಕೌಂಟೆಂಟರಿಗೆ ಇದು ಗೊತ್ತಿರುತ್ತದೆ. ಮೇಲ್‌ನಲ್ಲಿ ಕಾನೂನಿನ ಮಾತು ಬರೆಯಬೇಡಿ, ಬಿಲ್ಲಿನ ಮೇಲಿನ ಆ ಒಂದು ಸಾಲು ಸಾಕು.

ಬದಲಾಯಿಸುವ ದಿನ

ಒಂದರಿಂದ ಇನ್ನೊಂದಕ್ಕೆ ಹೋಗುವುದಾದರೆ ಏಪ್ರಿಲ್ 1 ಒಳ್ಳೆಯ ದಿನ, ಬಿಲ್ ನಂಬರಿನ ಸರಣಿ ಹೇಗೂ ಹೊಸದು. ಹಳೆಯ ಬಾಕಿಯನ್ನು ಒಟ್ಟು ಮೊತ್ತವಾಗಿ ಹಾಕಬೇಡಿ. ಒಂದೊಂದು ಬಿಲ್ಲನ್ನೂ ಅದರದ್ದೇ ನಂಬರ್, ಅದರದ್ದೇ ತಾರೀಕಿನೊಂದಿಗೆ ಹಾಕಿ. ಇಲ್ಲದಿದ್ದರೆ ಮುಂದೆ ಬರುವ ದುಡ್ಡು ಯಾವುದಕ್ಕೆ ಅಂತ ತಿಳಿಯುವುದಿಲ್ಲ. ಅಷ್ಟೂ ಮುಗಿಯುವವರೆಗೆ ರಿಮೈಂಡರ್ ಆಫ್ ಇರಲಿ. ಆಮೇಲೆ ನಾವು ಮಾಡಿದ್ದು ಇದು: ಮೊದಲ ವಾರ ಎಲ್ಲ 42 ಗಿರಾಕಿಗಳ ಇಮೇಲ್ ಜಾಗದಲ್ಲಿ ನನ್ನದೇ ವಿಳಾಸ ಹಾಕಿ, ರಿಮೈಂಡರ್ ಆನ್ ಮಾಡಿದೆ. ಆ ವಾರ ನನಗೆ ಹನ್ನೊಂದು ಮೇಲ್ ಬಂದವು. ಮೂರು ತಪ್ಪಿದ್ದವು: ಒಂದು ಟಿಡಿಎಸ್, ಎರಡು ಭಾವನ ಡೈರಿಯಲ್ಲಿ ಉಳಿದ ಜಮಾ. ಅವನ್ನು ಸರಿ ಮಾಡಿ, ಮುಂದಿನ ಸೋಮವಾರ ಗಿರಾಕಿಗಳ ವಿಳಾಸ ಹಾಕಿದೆ.